ಜಗಳವಿಲ್ಲದೆ ದೂರವಾದ ಗೆಳೆಯ

ತಾನು ಸಲಿಂಗಿ ಎಂದು ಹೇಳಿಕೊಂಡ ದಿನ ಹಾಸ್ಟೆಲ್ ಗೆಳೆಯ ‘ಅದಕ್ಕೇನಂತೆ ಬಿಡೋ’ ಎಂದಿರುತ್ತಾನೆ. ಆಮೇಲೆ ಭಾನುವಾರದ ಫೋನು ನಿಲ್ಲುತ್ತದೆ. ಮದುವೆಯ ಕರೆಯೋಲೆಯೂ ಬರುವುದಿಲ್ಲ. ಹಲವರು ಸ್ನೇಹ ಕಳೆದುಕೊಳ್ಳುವುದು ಹೀಗೆಯೇ.

ಕೊನೆ ಕಾಣದ ಇಂಥ ಅಗಲಿಕೆಗಳನ್ನು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ‘ಅಸ್ಪಷ್ಟ ನಷ್ಟ’ ಎಂದು ಕರೆದರು. ಗೆಳೆಯ ಬದುಕಿದ್ದಾನೆ, ಅವನ ವಾಟ್ಸ್‌ಆ್ಯಪ್ ಸ್ಟೇಟಸ್ ದಿನವೂ ಕಾಣುತ್ತದೆ. ಹಾಗಾಗಿ ಮನಸ್ಸು ಕಾಯುತ್ತಲೇ ಇರುತ್ತದೆ, ತನ್ನದೇ ತಪ್ಪು ಹುಡುಕುತ್ತದೆ. ಸತ್ತವರಿಗಾಗಿ ಅತ್ತಂತೆ ಇದಕ್ಕೆ ಅಳಲು ಯಾರೂ ಜೊತೆಯಾಗುವುದಿಲ್ಲ.

ಸಿಟ್ಟಿಲ್ಲದ ಒಂದೇ ಒಂದು ನೇರ ಸಂದೇಶ ಕಳಿಸಿ ನೋಡಬಹುದು. ಉತ್ತರ ಬಾರದಿದ್ದರೆ ಸ್ಟೇಟಸ್ ಮ್ಯೂಟ್ ಮಾಡಬಹುದು.

ಎರಡು ಮಾತುಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳಿ ಎನ್ನುತ್ತಾರೆ ಬಾಸ್. ಇಲ್ಲಿ ಅವು ಹೀಗಿರಬಹುದು: ಅವನು ದೂರವಾದ, ಪರೀಕ್ಷೆಯ ರಾತ್ರಿ ಜೊತೆಗೆ ಕುಡಿದ ಚಹಾ ಸುಳ್ಳಾಗಿರಲಿಲ್ಲ.