ಎಮಿಷನ್ ಚೀಟಿಯಲ್ಲಿ ಕಾಣದ ಅನಿಲ

ಚಿಕ್ಕಬಾಣಾವರದಿಂದ ಹೆಸರಘಟ್ಟ ಮುಖ್ಯರಸ್ತೆಗೆ ಬಂದರೆ ಬೆಳಗಿನ ಹೊತ್ತು ಕಾಲೇಜಿನ ಬೈಕು, ಶಾಲಾ ವಾಹನ, ಜಲ್ಲಿ ಲಾರಿ ಎಲ್ಲವೂ ಒಂದೇ ಸಾಲಿನಲ್ಲಿ ತೆವಳುತ್ತಿರುತ್ತವೆ. ಇವುಗಳನ್ನು ಓಡಿಸುವ ಹೆಚ್ಚಿನವರ ಬಳಿ ಎಮಿಷನ್ ಟೆಸ್ಟ್ ಚೀಟಿ ಇರುತ್ತದೆ. ಅದರ ಅಂಕಿಗಳನ್ನು ಓದುವವರು ಮಾತ್ರ ಕಡಿಮೆ. ಓದಿದರೆ ಸೈಲೆನ್ಸರ್‌ಗೆ ಮುಂಚೆ ಕೂತಿರುವ ಕೆಟಲಿಟಿಕ್ ಕನ್ವರ್ಟರ್‌ನ ಆರೋಗ್ಯ ತಿಳಿಯುತ್ತದೆ.

ಮೊದಲು ಭಾರತ್ ಸ್ಟೇಜ್, ಅಂದರೆ ಬಿಎಸ್ ಲೆಕ್ಕ. ಹೊಸ ಮಾದರಿಯೊಂದು ಮಾರುಕಟ್ಟೆಗೆ ಬರುವ ಮುನ್ನ ಅದನ್ನು ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ, ಕಿಲೋಮೀಟರಿಗೆ ಎಷ್ಟು ಗ್ರಾಂ ವಿಷಾನಿಲ ಹೊರಬಂತು ಎಂದು ಅಳೆಯುತ್ತಾರೆ. ಆ ಮಿತಿಯ ಮೆಟ್ಟಿಲೇ ಸ್ಟೇಜ್. ಬೆಂಗಳೂರಿಗೆ ಬಿಎಸ್ 4 ಬಂದದ್ದು 2010ರ ಏಪ್ರಿಲ್‌ನಲ್ಲಿ, ಇಡೀ ದೇಶಕ್ಕೆ ಬಂದದ್ದು 2017ರಲ್ಲಿ. ಐದನೇ ಮೆಟ್ಟಿಲನ್ನು ಬಿಟ್ಟು 2020ರ ಏಪ್ರಿಲ್ 1ರಿಂದ ನೇರವಾಗಿ ಬಿಎಸ್ 6ಕ್ಕೆ ಹಾರಿದೆವು. ಪೆಟ್ರೋಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 0.08 ಗ್ರಾಂನಿಂದ 0.06ಕ್ಕೆ ಇಳಿಯಿತು, ಡೀಸೆಲ್ ಕಾರಿನದು 0.25ರಿಂದ 0.08ಕ್ಕೆ. ಅದಕ್ಕೆ ತಕ್ಕಂತೆ ಇಂಧನದಲ್ಲಿನ ಗಂಧಕವನ್ನೂ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಸಿದರು, ಏಕೆಂದರೆ ಗಂಧಕವು ಕನ್ವರ್ಟರ್‌ನ ಕೆಲಸ ಕೆಡಿಸುತ್ತದೆ. ನಿಮ್ಮ ಗಾಡಿ ಯಾವ ಸ್ಟೇಜಿನದು ಎಂಬುದು ಆರ್‌ಸಿಯಲ್ಲಿ ಇರುತ್ತದೆ.

ಪೆಟ್ರೋಲ್ ಗಾಡಿಯ ಕನ್ವರ್ಟರ್ ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕಂಡಿಗಳಿರುವ ಸೆರಾಮಿಕ್ ತುಂಡು ಇದೆ. ಅದರ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನ ತೆಳು ಲೇಪ. ಕಾರ್ಬನ್ ಮಾನಾಕ್ಸೈಡ್ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸುಡದೆ ಉಳಿದ ಪೆಟ್ರೋಲ್, ಅಂದರೆ ಹೈಡ್ರೋಕಾರ್ಬನ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡ್ ಮಾತ್ರ ಆಮ್ಲಜನಕವನ್ನು ಬಿಟ್ಟುಕೊಟ್ಟು ಬರಿಯ ನೈಟ್ರೋಜನ್ ಆಗುತ್ತದೆ. ಮೊದಲ ಎರಡಕ್ಕೆ ಆಮ್ಲಜನಕ ಬೇಕು, ಮೂರನೆಯದಕ್ಕೆ ಅದು ಹೆಚ್ಚಿರಬಾರದು. ಹಾಗಾಗಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಎಂಬ ಅನುಪಾತವನ್ನು ಆಕ್ಸಿಜನ್ ಸೆನ್ಸರ್ ಕಾಯುತ್ತಿರಬೇಕು. ಕಾರ್ಬನ್ ಡೈಆಕ್ಸೈಡನ್ನು ಈ ಡಬ್ಬ ಕಡಿಮೆ ಮಾಡುವುದಿಲ್ಲ. ಡೀಸೆಲ್ ಮಸಿಗೆ ಬೇರೆ ಫಿಲ್ಟರ್ ಬೇಕು.

ಇನ್ನೊಂದು ಮಿತಿಯಿದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವು ಏರುವವರೆಗೆ ಕನ್ವರ್ಟರ್ ಸರಿಯಾಗಿ ಕೆಲಸ ಶುರುಮಾಡುವುದಿಲ್ಲ. ಮನೆಯಿಂದ ರೈಲು ನಿಲ್ದಾಣದವರೆಗಿನ ಒಂದು ಕಿಲೋಮೀಟರ್ ಸವಾರಿಯಲ್ಲಿ ಬಿಎಸ್ 6 ಗಾಡಿಯೂ ಸ್ವಲ್ಪ ದೂರ ಕನ್ವರ್ಟರ್ ಇಲ್ಲದ ಗಾಡಿಯ ಹಾಗೆಯೇ ಹೊಗೆ ಬಿಡುತ್ತದೆ.

ಈಗ ಚೀಟಿ. ಒಂದು ಬಿಎಸ್ 6 ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡ, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂ ಸುಮಾರಿಗೆ ಹಿಡಿದಾಗ ಮಾನಾಕ್ಸೈಡ್ 0.2 ಶೇಕಡದೊಳಗೆ, ಗಾಳಿ-ಇಂಧನದ ಲೆಕ್ಕವಾದ ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕು. ಕಾರು ತಣ್ಣಗಿದ್ದಾಗ ಮಾನಾಕ್ಸೈಡ್ 0.6 ಬಂತೆನ್ನಿ. ಗಾಬರಿ ಬೇಡ, ಅರ್ಧ ಗಂಟೆ ಓಡಿಸಿ ಮತ್ತೆ ಪರೀಕ್ಷಿಸಿ. ಕಾದ ಮೇಲೂ 0.6 ಇದ್ದರೆ ಲ್ಯಾಂಬ್ಡಾ ನೋಡಿ. ಅದು 0.94 ಆಗಿದ್ದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಸೆನ್ಸರ್ ಅಥವಾ ಇಂಜೆಕ್ಟರ್ ತಪಾಸಣೆ ಮೊದಲಾಗಬೇಕು. ಲ್ಯಾಂಬ್ಡಾ 1ರ ಆಸುಪಾಸಿನಲ್ಲೇ ಇದ್ದು ಮಾನಾಕ್ಸೈಡ್ ಮಾತ್ರ ಹೆಚ್ಚಿದ್ದರೆ ಆಗ ಕನ್ವರ್ಟರ್ ಮೇಲೆ ಅನುಮಾನ ಪಡಬೇಕು. ಇದನ್ನು ತಿಳಿಯದೆ ದುಬಾರಿ ಕನ್ವರ್ಟರ್ ಬದಲಿಸಿದರೆ, ತಪ್ಪು ಮಿಶ್ರಣವು ಹೊಸದನ್ನೂ ಹಾಳುಮಾಡುತ್ತದೆ.

ಈ ಚೀಟಿಯ ದೊಡ್ಡ ಕೊರತೆ ನೈಟ್ರೋಜನ್ ಆಕ್ಸೈಡ್. ಅದನ್ನು ಇಲ್ಲಿ ಅಳೆಯುವುದೇ ಇಲ್ಲ. ಬಿಸಿಲಿನಲ್ಲಿ ಹೈಡ್ರೋಕಾರ್ಬನ್ ಜೊತೆ ಸೇರಿ ನೆಲಮಟ್ಟದ ಓಝೋನ್ ಹುಟ್ಟಿಸುವ ಅನಿಲ ಅದೇ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ನೈಟ್ರೋಜನ್ ಆಕ್ಸೈಡ್ ಒಡೆಯದೆ ಹೊರಬರುತ್ತಿದ್ದಾಗ ಮಾನಾಕ್ಸೈಡ್ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಸುಳಿವು ಕೊಡುವುದು ಲ್ಯಾಂಬ್ಡಾ ಮಾತ್ರ. ಬೈಕಿನ ಮೂಲ ಸೈಲೆನ್ಸರ್ ಕಿತ್ತು ಅಬ್ಬರದ ಸದ್ದಿನದನ್ನು ಹಾಕಿಸಿಕೊಳ್ಳುವ ಹುಡುಗರಿಗೂ ಇದನ್ನು ಹೇಳಬೇಕು: ಎಷ್ಟೋ ಮಾದರಿಗಳಲ್ಲಿ ಕನ್ವರ್ಟರ್ ಆ ಸೈಲೆನ್ಸರ್ ಜೋಡಣೆಯೊಳಗೇ ಇರುತ್ತದೆ. ಅದನ್ನು ಕಿತ್ತ ದಿನವೇ ಬೈಕಿನ ಬಿಎಸ್ 6 ಎಂಬುದು ಆರ್‌ಸಿಯ ಅಕ್ಷರವಾಗಿ ಉಳಿಯುತ್ತದೆ.

ಮುಂದಿನ ಸಲ ಎಂಜಿನ್ ಕಾಯಿಸಿಕೊಂಡು ಪರೀಕ್ಷೆಗೆ ಹೋಗಿ. ‘ಪಾಸ್’ ಎಂಬುದನ್ನಷ್ಟೇ ನೋಡಿ ಚೀಟಿ ಮಡಚಬೇಡಿ. ಹಳೆಯದನ್ನು ಪಕ್ಕದಲ್ಲಿಟ್ಟು ಅಂಕಿಗಳನ್ನು ಹೋಲಿಸಿ. ಮಿತಿಯೊಳಗಿದ್ದರೂ ಮಾನಾಕ್ಸೈಡ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಮೆಕ್ಯಾನಿಕ್‌ಗೆ ಎರಡೂ ಚೀಟಿ ತೋರಿಸಿ.