‘ನೀವೇ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ’

ಲೆಕ್ಕ ಬರೆಯುವವನ ಕೆಲಸ ಸರಿಯಾಗಿ ನಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೋಟಿಸ್ ಬರಲಿಲ್ಲ, ದಂಡ ಬೀಳಲಿಲ್ಲ, ಅಷ್ಟೇ. ಹಾಗಾಗಿ ಒಂದು ಶಿಫಾರಸು ಪತ್ರ ಕೊಡಿ ಎಂದರೆ ಸಂತೋಷದಿಂದಿರುವ ಗಿರಾಕಿಗೂ ಏನು ಬರೆಯಬೇಕೆಂದು ತೋಚುವುದಿಲ್ಲ.

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕವನ್ನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಮೊದಲ ಸಲ ಕೇಳಿದಾಗ ಸಾಹುಕಾರರು, “ನೀವೇ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ” ಅಂದರು. ಬರೆದುಕೊಂಡು ಹೋದೆ, ಸಹಿಯೂ ಬಿತ್ತು. ಆ ಪತ್ರ ನೋಡಿದ ಅಕ್ಕಿ ಗಿರಣಿಯವರೊಬ್ಬರು ಅಂಗಡಿಗೆ ಫೋನ್ ಮಾಡಿ ವಿಚಾರಿಸಿದರು. ಪತ್ರದಲ್ಲಿ ಏನಿದೆ ಎನ್ನುವುದೇ ಪಾಪ ಸಾಹುಕಾರರಿಗೆ ನೆನಪಿರಲಿಲ್ಲ. ಗಿರಣಿಯ ಕೆಲಸ ಬೇರೆಯವರಿಗೆ ಹೋಯಿತು.

ಎರಡನೇ ಸಲ ಹೊಗಳಿಕೆ ಕೇಳಲಿಲ್ಲ, ಒಂದು ಘಟನೆ ನೆನಪಿಸಿದೆ. ಜಿಎಸ್‌ಟಿ ರಿಟರ್ನಿನ ಗಡಿಬಿಡಿ ಇರುವ 11ರಿಂದ 20ನೇ ತಾರೀಖಿನವರೆಗೆ ಬಿಟ್ಟು, 22ರಂದು ಹೀಗೆ ಬರೆದು ಕಳಿಸಿದೆ:

“ಸಾರ್, ಹೊಸ ಗಿರಾಕಿಯೊಬ್ಬರಿಗೆ ತೋರಿಸಲು ನಿಮ್ಮಿಂದ ಒಂದು ಪತ್ರ ಬೇಕಿತ್ತು. ಹೋದ ವರ್ಷ ಪೈಪ್ ಡೀಲರು ನಿಮ್ಮ ಬಿಲ್ಲನ್ನು ತಪ್ಪು ಜಿಎಸ್‌ಟಿ ನಂಬರಿಗೆ ಹಾಕಿದ್ದರಲ್ಲ, ಅದು ಹೇಗೆ ಸಿಕ್ಕಿತು, ಆಮೇಲೆ ಏನಾಯಿತು ಅನ್ನುವುದನ್ನು ನಿಮ್ಮ ಮಾತಲ್ಲೇ ನಾಲ್ಕು ಸಾಲು ಬರೆದರೆ ಸಾಕು. ವಹಿವಾಟಿನ ಮೊತ್ತ ಬೇಡ. ಅವರು ಫೋನ್ ಮಾಡಿದರೆ ಮಾತಾಡಬಹುದಾ, ತಿಳಿಸಿ. ಬರೆಯಲು ಮನಸ್ಸಿಲ್ಲದಿದ್ದರೆ ಸಂಕೋಚವಿಲ್ಲದೆ ಹೇಳಿ.”

ಆ ಘಟನೆ ಇಷ್ಟೇ. ತಿಂಗಳ 14ಕ್ಕೆ ಬರುವ ಜಿಎಸ್‌ಟಿಆರ್-2ಬಿ ಪಟ್ಟಿಯನ್ನು ಖರೀದಿ ಬಿಲ್ಲುಗಳ ಪಕ್ಕ ಇಟ್ಟು ನೋಡುವಾಗ ಒಂದು ಬಿಲ್ ಪಟ್ಟಿಯಲ್ಲಿ ಇರಲಿಲ್ಲ. ಅದರಲ್ಲಿ ಕಟ್ಟಿದ್ದ ತೆರಿಗೆ 38,000 ರೂಪಾಯಿ. ಪಟ್ಟಿಯಲ್ಲಿ ಬಾರದಿದ್ದರೆ ಆ ಹಣವನ್ನು ಇನ್‌ಪುಟ್ ಎಂದು ಕಳೆದುಕೊಳ್ಳುವ ಹಾಗಿಲ್ಲ. ಡೀಲರಿಗೆ ಹೇಳಿ ಮುಂದಿನ ತಿಂಗಳ ರಿಟರ್ನಿನಲ್ಲಿ ತಿದ್ದಿಸಿದೆವು, ಜಮೆ ಸಿಕ್ಕಿತು. ‘ನಂಬಿಗಸ್ತ, ಪ್ರಾಮಾಣಿಕ’ ಅನ್ನುವ ಮಾತನ್ನು ಯಾರಿಗೆ ಬೇಕಾದರೂ ಬರೆಯಬಹುದು. ಬಿಲ್ಲು ಹಿಡಿದು ನೋಡುವ ಅಭ್ಯಾಸ ಇದೆಯೋ ಇಲ್ಲವೋ ಅನ್ನುವುದು ಹೊಸ ಗಿರಾಕಿಗೆ ಇಂಥ ಕತೆಯಿಂದಲೇ ಗೊತ್ತಾಗುವುದು.

‘ಇವರು ನಮಗೆ ತುಂಬಾ ಟ್ಯಾಕ್ಸ್ ಉಳಿಸಿಕೊಟ್ಟರು’ ಎಂದು ಪ್ರೀತಿಯಿಂದ ಬರೆಯುವವರೂ ಇದ್ದಾರೆ. ಅದನ್ನು ತೆಗೆಸುತ್ತೇನೆ. ಓದಿದವರಿಗೆ ಮೊದಲು ಬರುವುದು ಅನುಮಾನ.

ನಾಲ್ಕು ದಿನಕ್ಕೆ ಪತ್ರ ಬಂತು. ಅಂಗಡಿಯ ಲೆಟರ್‌ಹೆಡ್, ತಾರೀಖು, ಸಹಿ, ಫೋನ್ ನಂಬರ್ ಎಲ್ಲ ಇತ್ತು. ಪೈಪಿನ ಬಿಲ್ಲಿನ ಕತೆ ನಾನು ಬರೆದಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಆದರೆ ಮೊದಲ ಸಾಲೇ ‘ನಮ್ಮ ಆಡಿಟರ್’ ಎಂದು ಶುರುವಾಗಿತ್ತು. ನಮ್ಮ ಕಡೆ ಲೆಕ್ಕ ಬರೆಯುವವರೆಲ್ಲ ಆಡಿಟರೇ. ಆದರೆ ತೆರಿಗೆ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಚಾರ್ಟರ್ಡ್ ಅಕೌಂಟೆಂಟರದು, ನಾನು ಆ ಪರೀಕ್ಷೆ ಪಾಸು ಮಾಡಿದವನಲ್ಲ. ಪತ್ರ ಹಿಡಿದು ಮತ್ತೆ ಅಂಗಡಿಗೆ ಹೋದೆ. “ಅದೊಂದು ಪದಕ್ಕೆ ಇಷ್ಟು ದೂರ ಬಂದ್ರಾ?” ಎಂದು ನಗುತ್ತಲೇ ಸಾಹುಕಾರರು ಹೊಸ ಹಾಳೆ ತೆಗೆದು, ‘ನಮ್ಮ ಲೆಕ್ಕ ಬರೆಯುವವರು’ ಎಂದು ಮೊದಲಿನಿಂದ ಬರೆದುಕೊಟ್ಟರು.