ಅಕ್ಷರ ಕೆಳಗೆ, ಲೆನ್ಸು ಮೇಲೆ

ಮೊಬೈಲಿನ ಟೆಲಿಪ್ರಾಂಪ್ಟರ್ ಆ್ಯಪ್ ನೋಡಿ ಓದಿದವರ ವಿಡಿಯೊದಲ್ಲಿ ಒಂದು ಕೊರತೆ ಕಾಣುತ್ತದೆ. ಅವರು ನಮ್ಮ ಕಣ್ಣನ್ನು ಬಿಟ್ಟು ಗಲ್ಲವನ್ನು ನೋಡುತ್ತಿರುವಂತೆ ಅನ್ನಿಸುತ್ತದೆ. ಕಾರಣ ಸರಳ. ಸೆಲ್ಫಿ ಕ್ಯಾಮೆರಾ ಪರದೆಯ ಮೇಲಂಚಿನಲ್ಲಿದೆ, ಅಕ್ಷರಗಳು ನಡುವೆ ಹರಿಯುತ್ತಿವೆ.

ನೋಟ ಎಷ್ಟು ಜಾರುತ್ತದೆ ಎಂಬುದು ಎರಡು ಅಳತೆಗಳ ಮೇಲೆ ನಿಂತಿದೆ. ಮೊಬೈಲು ಮುಖದಿಂದ 40 ಸೆಂ.ಮೀ. ದೂರದಲ್ಲಿದ್ದು, ಓದುವ ಸಾಲು ಲೆನ್ಸಿಗಿಂತ 8 ಸೆಂ.ಮೀ. ಕೆಳಗಿದ್ದರೆ ಕಣ್ಣು ಸುಮಾರು 11 ಡಿಗ್ರಿ ಕೆಳಗಿಳಿಯುತ್ತದೆ. ಅದು ಎಲ್ಲರಿಗೂ ಕಾಣುತ್ತದೆ. ಅದೇ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಒಂದು ಮೀಟರ್ ದೂರವಿಟ್ಟು, ಸಾಲನ್ನು ಲೆನ್ಸಿನಿಂದ 3 ಸೆಂ.ಮೀ. ಒಳಗೆ ತಂದರೆ ಜಾರುವುದು ಎರಡು ಡಿಗ್ರಿಗೂ ಕಡಿಮೆ. ಹಾಗಾಗಿ ಆ್ಯಪಿನ ಅಕ್ಷರದ ಚೌಕವನ್ನು ಮೇಲಕ್ಕೆಳೆದು ಲೆನ್ಸಿನ ಕೆಳಗೇ ಕೂರಿಸಿ. ಮೊಬೈಲನ್ನು ಅಡ್ಡ ಹಿಡಿದರೆ ಲೆನ್ಸು ಪಕ್ಕಕ್ಕೆ ಹೋಗುತ್ತದೆ, ಚೌಕವನ್ನೂ ಅದರ ಹತ್ತಿರಕ್ಕೆ ಸರಿಸಬೇಕು.

ಇನ್ನೊಂದು ಗುಟ್ಟು ಸಾಲಿನ ಅಗಲದಲ್ಲಿದೆ. ಅಗಲವಾದ ಸಾಲು ಓದುವಾಗ ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಓಡಾಡುತ್ತದೆ, ಓದುತ್ತಿದ್ದಾರೆಂದು ತಕ್ಷಣ ಗೊತ್ತಾಗುತ್ತದೆ. ಸಾಲಿಗೆ ಮೂರು ಪದ ಸಾಕು. ಒತ್ತಕ್ಷರಗಳು ಮುಂದಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಸ್ವಲ್ಪ ಹೆಚ್ಚು ಜಾಗವಿರಲಿ.

ಆದರೆ ಕನ್ನಡದಲ್ಲಿ ನಿಜವಾದ ತೊಡಕು ಬೇರೆ. ನಮ್ಮ ಕ್ರಿಯಾಪದ ಬರುವುದು ಕೊನೆಗೆ. ಉದ್ದನೆಯ ವಾಕ್ಯದಲ್ಲಿ ‘ಮಾಡಿ’ ಇದೆಯೋ ‘ಮಾಡಬೇಡಿ’ ಇದೆಯೋ ಎಂಬುದು ಪರದೆಯ ಕೆಳಗಿನಿಂದ ಇನ್ನೂ ಮೇಲೆ ಬಂದಿರುವುದಿಲ್ಲ. ಅದು ತಿಳಿಯದೆ ದನಿಯನ್ನು ಏರಿಸುವುದೋ ಇಳಿಸುವುದೋ ಗೊತ್ತಾಗದೆ, ಓದು ಒಂದೇ ಸಮನೆ ಸಾಗುತ್ತದೆ. ರೈತರಿಗಾಗಿ ವಿಡಿಯೊ ಮಾಡುವವರೊಬ್ಬರು ಹೀಗೆ ಬರೆದುಕೊಂಡಿದ್ದಾರೆ ಎನ್ನಿ: ‘ಮಣ್ಣಿನ ಪರೀಕ್ಷಾ ವರದಿಯನ್ನು ಪಡೆದುಕೊಂಡ ನಂತರವಷ್ಟೇ ರಸಗೊಬ್ಬರದ ಪ್ರಮಾಣವನ್ನು ನಿರ್ಧರಿಸಬೇಕಾಗುತ್ತದೆ.’ ಇದನ್ನು ಯಾರು ಓದಿದರೂ ಸುತ್ತೋಲೆಯಂತೆಯೇ ಕೇಳುತ್ತದೆ. ಹೀಗೆ ಒಡೆದು ನೋಡಿ: ‘ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರದಿ ಕೈಗೆ ಬರಲಿ. ಗೊಬ್ಬರ ಎಷ್ಟು ಹಾಕಬೇಕು ಅನ್ನೋದು ಆಮೇಲೆ.’ ಪ್ರತಿ ವಾಕ್ಯವೂ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ, ಬಾಯಿ ತೆರೆಯುವ ಮೊದಲೇ ಅದರ ಕೊನೆ ಕಣ್ಣಿಗೆ ಬಿದ್ದಿರುತ್ತದೆ. ಮಾತಿಗೆ ಉಸಿರು ಬರುವುದು ಅಲ್ಲಿಂದ. ಅಂಕಿಯಲ್ಲೂ ಅಷ್ಟೆ. ‘1,25,000’ ಎಂದಿದ್ದರೆ ನಾಲಿಗೆ ತಡೆಯುತ್ತದೆ, ‘ಒಂದೂಕಾಲು ಲಕ್ಷ’ ಎಂದೇ ಬರೆದುಕೊಳ್ಳಿ.

ಅಕ್ಷರ ಏರುವ ವೇಗವನ್ನು ನಿಮ್ಮ ಮಾತಿಗೆ ಹೊಂದಿಸಿ, ಅದರ ಹಿಂದೆ ಓಡಬೇಡಿ. ವಿರಾಮ ಬೇಕಾದ ಕಡೆ ಖಾಲಿ ಸಾಲು ಬಿಡಿ.

ಅರ್ಧ ನಿಮಿಷ ಚಿತ್ರೀಕರಿಸಿ ಎರಡು ಸಲ ಪರೀಕ್ಷಿಸಿ. ಒಮ್ಮೆ ದನಿ ಮುಚ್ಚಿ ಕಣ್ಣುಗಳನ್ನಷ್ಟೇ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿ. ಕಣ್ಣು ಓಡಾಡಿದರೆ ಸಾಲು ಕಿರಿದು ಮಾಡಿ, ದನಿ ಸಪಾಟಾಗಿದ್ದರೆ ವಾಕ್ಯ ಒಡೆಯಿರಿ. ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿ, ಅವೆರಡನ್ನೂ ನೇರವಾಗಿ ಲೆನ್ಸು ನೋಡಿಯೇ ಹೇಳಿ.